ತ್ರೀಡಿ ಚಿತ್ರ ಮಾಡುವವರಿಗೆ ಏನು ಹೇಳಬೇಕು?

ಪ್ರಶ್ನೆ: ಮೊದಲ ಸಲ ಮನೆ ಮಾಡಿಕೊಂಡಿದ್ದೇವೆ. ಒಳಾಂಗಣದ ತ್ರೀಡಿ ಚಿತ್ರ ಮಾಡುವವರು ‘ನಿಮಗೆ ಏನು ಬೇಕು?’ ಎನ್ನುತ್ತಾರೆ. ‘ಚೆನ್ನಾಗಿರಲಿ’ ಎನ್ನುವುದರ ಹೊರತು ನಮಗೇನೂ ತೋಚುತ್ತಿಲ್ಲ.

ಉತ್ತರ: ಅಷ್ಟೇ ಹೇಳಿದರೆ ಅವರಿಗೆ ಇಷ್ಟವಾದ ಮನೆ ಸಿಗುತ್ತದೆ, ನಿಮ್ಮದಲ್ಲ! ಅಳತೆಯಿರುವ ನಕ್ಷೆ ಕೊಡಿ. ಕಿಟಕಿಯ ದಿಕ್ಕು, ಚಾವಣಿಯ ಎತ್ತರ ಅದರಲ್ಲಿರಲಿ. ಕೋಣೆಯ ಹೆಸರಿಗಿಂತ ಅಲ್ಲಿ ಯಾರು, ಯಾವ ಹೊತ್ತಿಗೆ, ಏನು ಮಾಡುತ್ತಾರೆ ಎಂಬುದು ಮುಖ್ಯ: ‘ಸಂಜೆ ಊಟದ ಮೇಜಿನ ಮೇಲೆಯೇ ಮಗಳ ಹೋಂವರ್ಕ್, ಲ್ಯಾಪ್‌ಟಾಪ್‌ಗೆ ಪ್ಲಗ್ ಕೈಗೆಟುಕಬೇಕು.’ ವಾತಾವರಣ ಹೇಗಿರಬೇಕೆಂದು ವರ್ಣಿಸಲು ಹೋಗಬೇಡಿ. ಮೆಚ್ಚಿದ ಮೂರು ಫೋಟೊ, ಕಂಡರಾಗದ ಒಂದು ಫೋಟೊ ಕಳುಹಿಸಿ. ಆ ಕೊನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದೀಪ 2700 ಕೆಲ್ವಿನ್‌ನ ಹಳದಿ ಬೆಳಕಿನದೋ, 6500ರ ಬಿಳಿಯದೋ ತಿಳಿಸಿ. ಉಳಿಸಿಕೊಳ್ಳುವ ಹಳೆಯ ಬೀರುವಿನ ಅಳತೆಯನ್ನೂ ಕೊಡಿ. ಇಲ್ಲದಿದ್ದರೆ ಚಿತ್ರದಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.