ಶಾಸಕರ ಅನರ್ಹತೆ ಮತ್ತು ಚುನಾವಣಾ ತಕರಾರು: ಕಿರು ಪರೀಕ್ಷೆ, ಉತ್ತರ ಸಹಿತ

ತುಮಕೂರು, ಭಾನುವಾರದ ಅಭ್ಯಾಸ ತರಗತಿ. ಅವಧಿ 60 ನಿಮಿಷ, ಒಟ್ಟು 40 ಅಂಕ.

ಸೂಚನೆ: ಮೊದಲ ಭಾಗಕ್ಕೆ 15 ನಿಮಿಷ ಸಾಕು. ಎರಡನೇ ಭಾಗದಲ್ಲಿ ವಿಧಿ ಅಥವಾ ಸೆಕ್ಷನ್ ಸಂಖ್ಯೆ ಬರೆದರೆ 2 ಅಂಕ, ಕಾರಣಕ್ಕೆ 3 ಅಂಕ. ಬರೆಯಲು ಕೂರುವ ಮೊದಲು ಪ್ರತಿ ಪ್ರಶ್ನೆಯಲ್ಲೂ ಎರಡು ಸಂಗತಿ ಗುರುತಿಸಿ: ಇದನ್ನು ತೀರ್ಮಾನಿಸುವವರು ಯಾರು, ಎಷ್ಟು ದಿನದೊಳಗೆ? ಪಕ್ಷಾಂತರವಾದರೆ ಸ್ಪೀಕರ್, ಲಾಭದಾಯಕ ಹುದ್ದೆಯಂಥ ವಿಷಯವಾದರೆ ರಾಜ್ಯಪಾಲರು, ಚುನಾವಣೆಯೇ ಸರಿಯಿಲ್ಲ ಎಂಬ ದೂರಾದರೆ ಹೈಕೋರ್ಟ್. ಈ ವಿಷಯದಲ್ಲಿ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಕಾನೂನು ಗೊತ್ತಿಲ್ಲದೆ ಅಲ್ಲ, ಈ ಮೂರನ್ನೂ ಒಂದಕ್ಕೊಂದು ಬೆರೆಸಿ ಕಳೆದುಕೊಳ್ಳುತ್ತಾರೆ.

ಭಾಗ 1: ಒಂದೇ ವಾಕ್ಯದಲ್ಲಿ ಉತ್ತರಿಸಿ (10 × 1)

1. ಶಾಸಕರ ಅನರ್ಹತೆಯ ಕಾರಣಗಳು ಸಂವಿಧಾನದ ಯಾವ ವಿಧಿಯಲ್ಲಿವೆ? ಸಂಸದರದ್ದು?
2. 191(1)ನೇ ವಿಧಿಯಡಿ ಶಾಸಕರೊಬ್ಬರು ಅನರ್ಹರೇ ಎಂಬ ಪ್ರಶ್ನೆಯನ್ನು ರಾಜ್ಯಪಾಲರು ಯಾರ ಅಭಿಪ್ರಾಯದಂತೆ ತೀರ್ಮಾನಿಸಬೇಕು?
3. ಸದನದ ಅನುಮತಿ ಇಲ್ಲದೆ ಎಷ್ಟು ದಿನ ಗೈರಾದರೆ ಸ್ಥಾನ ತೆರವೆಂದು ಘೋಷಿಸಬಹುದು?
4. ಪ್ರಮಾಣವಚನ ಸ್ವೀಕರಿಸದೆ ಸದನದಲ್ಲಿ ಕೂತು ಮತ ಹಾಕಿದ ಶಾಸಕರಿಗೆ ದಿನಕ್ಕೆ ಎಷ್ಟು ದಂಡ?
5. ಹತ್ತನೇ ಅನುಸೂಚಿಯನ್ನು ತಂದದ್ದು ಎಷ್ಟನೇ ತಿದ್ದುಪಡಿ, ಯಾವ ವರ್ಷ?
6. ಪಕ್ಷೇತರರಾಗಿ ಗೆದ್ದ ಶಾಸಕರು ಸಚಿವರಾದರೆ ಅಷ್ಟಕ್ಕೇ ಅನರ್ಹರಾಗುತ್ತಾರೆಯೇ?
7. ನಾಮಕರಣಗೊಂಡ ವಿಧಾನ ಪರಿಷತ್ ಸದಸ್ಯರು ಎಷ್ಟು ಅವಧಿಯೊಳಗೆ ಪಕ್ಷ ಸೇರಬಹುದು?
8. ಚುನಾವಣಾ ವೆಚ್ಚದ ಲೆಕ್ಕ ಸಲ್ಲಿಸಲು ಎಷ್ಟು ದಿನ? ಸಲ್ಲಿಸದಿದ್ದರೆ ಏನಾಗಬಹುದು?
9. ರಾಷ್ಟ್ರಪತಿ ಚುನಾವಣೆಯ ತಕರಾರನ್ನು ವಿಚಾರಿಸುವ ನ್ಯಾಯಾಲಯ ಯಾವುದು, ಎಷ್ಟು ಮತದಾರರು ಕೂಡಿ ಅರ್ಜಿ ಹಾಕಬೇಕು?
10. ಚುನಾವಣಾ ಅರ್ಜಿಯಲ್ಲಿ ಹೈಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಮೇಲ್ಮನವಿ ಎಲ್ಲಿಗೆ, ಎಷ್ಟು ದಿನದಲ್ಲಿ?

ಭಾಗ 2: ಸನ್ನಿವೇಶ (6 × 5)

ಹೆಸರಿಲ್ಲದ ಸನ್ನಿವೇಶಗಳೆಲ್ಲ ಕಲ್ಪಿತ.

11. ತುಮಕೂರು ನಗರ ಕ್ಷೇತ್ರದಲ್ಲಿ ಸೋತ ಅಭ್ಯರ್ಥಿಯೊಬ್ಬರಿಗೆ 2023ರ ಮೇ 13ರ ಫಲಿತಾಂಶ ಒಪ್ಪಿಗೆಯಿಲ್ಲ. ತಡಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಲಗತ್ತಿಸಿ, ವಿಳಂಬ ಮನ್ನಿಸುವಂತೆ ಕೋರಿ ಜೂನ್ 28ರಂದು ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕುತ್ತಾರೆ. ಎಷ್ಟು ತಪ್ಪುಗಳಿವೆ?

12. ಮೀಸಲು ಕ್ಷೇತ್ರ ಮುಳಬಾಗಿಲಿನಲ್ಲಿ ಪಕ್ಷೇತರರೊಬ್ಬರ ನಾಮಪತ್ರದಲ್ಲಿ 10 ಸೂಚಕರ ಸಹಿಯಿದೆ. ಒಬ್ಬ ಸೂಚಕರ ಹೆಸರಿನ ಕಾಗುಣಿತ ಮತದಾರರ ಪಟ್ಟಿಯಲ್ಲಿರುವಂತಿಲ್ಲ ಎಂದು ಚುನಾವಣಾಧಿಕಾರಿ ನಾಮಪತ್ರ ತಿರಸ್ಕರಿಸುತ್ತಾರೆ. ಮರುದಿನವೇ ಹೈಕೋರ್ಟ್‌ನಲ್ಲಿ ರಿಟ್ ಹಾಕಬಹುದೇ? ಇಲ್ಲದಿದ್ದರೆ ದಾರಿ ಯಾವುದು?

13. ಶಾಸಕರೊಬ್ಬರಿಗೆ ಸರಿಯಾಗಿ 2 ವರ್ಷ ಜೈಲು, ₹5,000 ದಂಡ. ಅದೇ ಸಂಜೆ ಶಿಕ್ಷೆ ಅಮಾನತಾಗಿ ಜಾಮೀನು ಸಿಗುತ್ತದೆ. ಸದಸ್ಯತ್ವ ಉಳಿಯಿತೇ?

14. ಒಂದು ಪಕ್ಷಕ್ಕೆ ವಿಧಾನಸಭೆಯಲ್ಲಿ 18 ಶಾಸಕರು. 11 ಮಂದಿ ಇನ್ನೊಂದು ಪಕ್ಷಕ್ಕೆ ವಿಲೀನವಾದೆವು ಎನ್ನುತ್ತಾರೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದೇವೆ ಎಂಬುದು ಅವರ ವಾದ. ಸರಿಯೇ?

15. ರಾಜೀನಾಮೆ ಪತ್ರ ಕೊಟ್ಟ ಶಾಸಕರನ್ನು ಸ್ಪೀಕರ್ ಪಕ್ಷಾಂತರದ ಮೇಲೆ ಅನರ್ಹಗೊಳಿಸುತ್ತಾರೆ. ಅವರು ಮುಂದಿನ ಉಪಚುನಾವಣೆಗೆ ನಿಲ್ಲಬಹುದೇ? ಗೆಲ್ಲುವ ಮೊದಲೇ ಸಚಿವರಾಗಬಹುದೇ?

16. ಗೆದ್ದವರು ಮತದಾರರಿಗೆ ಉಡುಗೊರೆ ಹಂಚಿದ್ದು ಸಾಬೀತಾಗಿದೆ. "20,000 ಮತಗಳ ಅಂತರದಿಂದ ಗೆದ್ದಿದ್ದೇನೆ, ಹಂಚಿಕೆಯಿಂದ ಫಲಿತಾಂಶವೇನೂ ಬದಲಾಗಿಲ್ಲ" ಎಂದು ಅವರು ವಾದಿಸುತ್ತಾರೆ. ನಿಲ್ಲುತ್ತದೆಯೇ?

ಉತ್ತರಗಳು

1. ಶಾಸಕರಿಗೆ 191, ಸಂಸದರಿಗೆ 102.

2. ಚುನಾವಣಾ ಆಯೋಗ, ವಿಧಿ 192(2). ರಾಜ್ಯಪಾಲರು ಆಯೋಗದ ಅಭಿಪ್ರಾಯ ಪಡೆದು ಅದರಂತೆಯೇ ನಡೆಯಬೇಕು. "ಮಂತ್ರಿಮಂಡಲದ ಸಲಹೆಯಂತೆ" ಎಂದು ಬರೆದರೆ ಅಂಕವಿಲ್ಲ.

3. 60 ದಿನ, ವಿಧಿ 190(4). ಅಧಿವೇಶನ ಮುಗಿದಿದ್ದ ಅವಧಿಯನ್ನೂ, ಸತತ 4 ದಿನಕ್ಕಿಂತ ಹೆಚ್ಚು ಮುಂದೂಡಿದ್ದ ಅವಧಿಯನ್ನೂ ಲೆಕ್ಕದಿಂದ ಬಿಡಬೇಕು. ಸ್ಥಾನ ತಾನಾಗಿ ತೆರವಾಗುವುದಿಲ್ಲ, ಸದನ ಘೋಷಿಸಬೇಕು.

4. ₹500, ವಿಧಿ 193.

5. 52ನೇ ತಿದ್ದುಪಡಿ, 1985.

6. ಇಲ್ಲ. ಪಕ್ಷೇತರರು ಅನರ್ಹರಾಗುವುದು ಚುನಾವಣೆಯ ನಂತರ ಯಾವುದಾದರೂ ಪಕ್ಷ ಸೇರಿದರೆ ಮಾತ್ರ (ಪ್ಯಾರಾ 2(2)). 2010ರಲ್ಲಿ ಪಾವಗಡದ ಶಾಸಕರೂ ಸೇರಿ ಐವರು ಪಕ್ಷೇತರರನ್ನು ಸ್ಪೀಕರ್ ಅನರ್ಹಗೊಳಿಸಿದ್ದರು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಸರ್ಕಾರಕ್ಕೆ ಬೆಂಬಲ ಕೊಡುವುದು, ಸಚಿವರಾಗುವುದು ಬೇರೆ. ಪಕ್ಷದ ಸದಸ್ಯರಾಗುವುದು ಬೇರೆ. ನಮ್ಮ ಜಿಲ್ಲೆಯ ಉದಾಹರಣೆಯಾದ್ದರಿಂದ ಇದನ್ನು ಮರೆಯಬಾರದು.

7. ಸ್ಥಾನ ಸ್ವೀಕರಿಸಿದ ದಿನದಿಂದ 6 ತಿಂಗಳೊಳಗೆ.

8. ಫಲಿತಾಂಶ ಘೋಷಣೆಯಿಂದ 30 ದಿನ (ಜನಪ್ರಾತಿನಿಧ್ಯ ಕಾಯ್ದೆ 1951, ಸೆಕ್ಷನ್ 78). ಸಕಾರಣವಿಲ್ಲದೆ ಸಲ್ಲಿಸದಿದ್ದರೆ ಸೆಕ್ಷನ್ 10ಎ ಪ್ರಕಾರ ಆಯೋಗ 3 ವರ್ಷ ಅನರ್ಹಗೊಳಿಸುತ್ತದೆ. ಸೋತವರೂ ಲೆಕ್ಕ ಕೊಡಲೇಬೇಕು. ಠೇವಣಿ ಹೋಯಿತಲ್ಲ, ಇನ್ನೇನು ಎಂದು ಸುಮ್ಮನಾಗುವ ಪಕ್ಷೇತರರೇ ಇಲ್ಲಿ ಸಿಕ್ಕಿಬೀಳುತ್ತಾರೆ.

9. ಸುಪ್ರೀಂ ಕೋರ್ಟ್ (ವಿಧಿ 71). ಕನಿಷ್ಠ 20 ಮತದಾರರು ಕೂಡಿ ಅಥವಾ ಒಬ್ಬ ಅಭ್ಯರ್ಥಿ. ಉಪರಾಷ್ಟ್ರಪತಿಗಾದರೆ 10 ಮತದಾರರು.

10. ಸುಪ್ರೀಂ ಕೋರ್ಟ್‌ಗೆ, 30 ದಿನದಲ್ಲಿ (ಸೆಕ್ಷನ್ 116ಎ).

11. ಮುಖ್ಯ ತಪ್ಪು ಎರಡು, ಎರಡೂ ಮಾರಕ.

ಮೊದಲನೆಯದು ನ್ಯಾಯಾಲಯ. ಶಾಸಕರ ಚುನಾವಣಾ ಅರ್ಜಿ ಹೈಕೋರ್ಟ್‌ಗೇ ಹೋಗಬೇಕು (ಸೆಕ್ಷನ್ 80ಎ). ತುಮಕೂರಿನವರಿಗೆ ಬೆಂಗಳೂರು ಪೀಠ. ಹಿಂದೆ ಇದ್ದ ಚುನಾವಣಾ ನ್ಯಾಯಮಂಡಳಿಗಳನ್ನು 1966ರ 19ನೇ ತಿದ್ದುಪಡಿಯಿಂದ ತೆಗೆದುಹಾಕಲಾಗಿದೆ.

ಎರಡನೆಯದು ದಿನ. ಸೆಕ್ಷನ್ 81ರ ಪ್ರಕಾರ ಗೆದ್ದವರ ಆಯ್ಕೆಯ ದಿನದಿಂದ 45 ದಿನ. ಮೇ 13ನ್ನು ಬಿಟ್ಟು ಎಣಿಸಿ: ಮೇ ತಿಂಗಳಲ್ಲಿ 18, ಜೂನ್‌ನಲ್ಲಿ 27, ಅಂದರೆ ಕೊನೆಯ ದಿನ ಜೂನ್ 27. ಒಂದು ದಿನ ಮೀರಿದರೂ ಮುಗಿಯಿತು. ಮಿತಿ ಕಾಯ್ದೆಯ ಸೆಕ್ಷನ್ 5 ಇಲ್ಲಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1974ರ ಹುಕುಮ್‌ದೇವ್ ನಾರಾಯಣ ಯಾದವ್ ಪ್ರಕರಣದಲ್ಲಿ ಹೇಳಿದೆ. ಆಸ್ಪತ್ರೆಯ ಕಾಗದ ಎಷ್ಟೇ ನಿಜವಾಗಿದ್ದರೂ ತಡವನ್ನು ಮನ್ನಿಸುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲ.

ದಿನದೊಳಗೆ ಹೋದವರೂ ಎಡವುವ ಜಾಗಗಳಿವೆ. ಪ್ರತಿವಾದಿಗಳು ಎಷ್ಟೋ ಅಷ್ಟು ಪ್ರತಿಗಳು ಬೇಕು, ಪ್ರತಿಯೊಂದರಲ್ಲೂ ಅರ್ಜಿದಾರರೇ "ಇದು ನೈಜ ಪ್ರತಿ" ಎಂದು ಸಹಿ ಮಾಡಿರಬೇಕು. ₹2,000 ಭದ್ರತಾ ಠೇವಣಿ ಕಟ್ಟಿರಬೇಕು (ಸೆಕ್ಷನ್ 117). ಗೆದ್ದವರ ಆಯ್ಕೆ ರದ್ದಾಗಲಿ ಎಂದಷ್ಟೇ ಕೇಳಿದರೆ ಗೆದ್ದವರನ್ನು ಪ್ರತಿವಾದಿ ಮಾಡಿದರೆ ಸಾಕು. ಜೊತೆಗೆ "ನನ್ನನ್ನೇ ಗೆದ್ದವನೆಂದು ಘೋಷಿಸಿ" ಎಂದೂ ಕೇಳಿದರೆ ಕಣದಲ್ಲಿದ್ದ ಎಲ್ಲರನ್ನೂ ಸೇರಿಸಬೇಕು. ಭ್ರಷ್ಟ ಆಚರಣೆಯ ಆರೋಪ ಹೊತ್ತ ಅಭ್ಯರ್ಥಿ ಬೇರೆ ಯಾರಾದರೂ ಇದ್ದರೆ ಅವರೂ ಬೇಕು (ಸೆಕ್ಷನ್ 82). 81, 82, 117ರಲ್ಲಿ ಯಾವುದು ತಪ್ಪಿದರೂ ಸೆಕ್ಷನ್ 86(1) ಪ್ರಕಾರ ಅರ್ಜಿ ವಜಾ ಆಗಲೇಬೇಕು. ಸೆಕ್ಷನ್ 83 ಈ ಪಟ್ಟಿಯಲ್ಲಿಲ್ಲ. ಹಾಗಾಗಿ ಭ್ರಷ್ಟ ಆಚರಣೆಯ ಆರೋಪಕ್ಕೆ ಬೇಕಾದ ನಮೂನೆ 25ರ ಅಫಿಡವಿಟ್‌ನಲ್ಲಿ ಕೊರತೆಯಿದ್ದರೆ ಅಷ್ಟರಿಂದಲೇ ಅರ್ಜಿ ಬೀಳುವುದಿಲ್ಲ. ಈ ವ್ಯತ್ಯಾಸ ಬರೆದವರಿಗೆ ಪೂರ್ಣ ಅಂಕ ಕೊಡಿ.

12. ರಿಟ್ ನಡೆಯುವುದಿಲ್ಲ. 329(ಬಿ) ವಿಧಿಯಂತೆ ಚುನಾವಣೆಯನ್ನು ಪ್ರಶ್ನಿಸಲು ಚುನಾವಣಾ ಅರ್ಜಿಯೊಂದೇ ದಾರಿ. ಇಲ್ಲಿ "ಚುನಾವಣೆ" ಎಂದರೆ ಅಧಿಸೂಚನೆಯಿಂದ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆ ಎಂದು 1952ರ ಪೊನ್ನುಸ್ವಾಮಿ ಪ್ರಕರಣದಲ್ಲೇ ತೀರ್ಮಾನವಾಗಿದೆ.

ತಿರಸ್ಕಾರ ಮಾತ್ರ ತಪ್ಪೇ. ಹೆಸರಿನ ಕಾಗುಣಿತದಂಥ ಲೋಪವನ್ನು ಗಣನೆಗೆ ತೆಗೆದುಕೊಳ್ಳಬಾರದು ಎಂದು ಸೆಕ್ಷನ್ 33(4) ಹೇಳುತ್ತದೆ. ಸಣ್ಣಪುಟ್ಟ ದೋಷಕ್ಕೆ ನಾಮಪತ್ರ ತಿರಸ್ಕರಿಸಬೇಡಿ ಎಂದು 36(4) ಹೇಳುತ್ತದೆ. ಕ್ರಮಬದ್ಧವಾಗಿ ನಾಮನಿರ್ದೇಶನಗೊಂಡಿದ್ದೆ ಎನ್ನುವವರೂ ಕಾಯ್ದೆಯ ಪ್ರಕಾರ "ಅಭ್ಯರ್ಥಿ"ಯೇ, ಆದ್ದರಿಂದ ಅರ್ಜಿ ಹಾಕುವ ಹಕ್ಕಿದೆ.

ಇನ್ನು ಬೇರೆ ಕಡೆಯೂ ಕೇಳುವ ಒಂದು ಅಂಶ. ಒಂದೇ ನಾಮಪತ್ರ ತಪ್ಪಾಗಿ ತಿರಸ್ಕೃತವಾಗಿದ್ದರೂ ಚುನಾವಣೆ ಅಸಿಂಧು, ಫಲಿತಾಂಶದ ಮೇಲೆ ಪರಿಣಾಮ ಬಿತ್ತೆಂದು ತೋರಿಸಬೇಕಿಲ್ಲ (100(1)(ಸಿ)). ತಪ್ಪಾಗಿ ಸ್ವೀಕರಿಸಿದ್ದರೆ ಮಾತ್ರ ಆ ಪರಿಣಾಮವನ್ನು ಸಾಬೀತು ಮಾಡಬೇಕು (100(1)(ಡಿ)).

13. ಉಳಿಯಲಿಲ್ಲ. ಸೆಕ್ಷನ್ 8(3)ರ ಮಾತು "ಎರಡು ವರ್ಷಕ್ಕೆ ಕಡಿಮೆಯಿಲ್ಲದ" ಶಿಕ್ಷೆ, ಸರಿಯಾಗಿ 2 ವರ್ಷವೂ ಅದರೊಳಗೇ ಬರುತ್ತದೆ. ಅನರ್ಹತೆ ತಪ್ಪಿತಸ್ಥರೆಂದು ತೀರ್ಪು ಬಂದ ದಿನದಿಂದ ಶುರುವಾಗಿ, ಬಿಡುಗಡೆಯಾದ ಮೇಲೂ 6 ವರ್ಷ ಇರುತ್ತದೆ. ಹಾಲಿ ಶಾಸಕರಿಗೆ ಮೂರು ತಿಂಗಳ ರಕ್ಷಣೆ ಕೊಡುತ್ತಿದ್ದ 8(4)ನ್ನು 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ.

ಜಾಮೀನು, ಶಿಕ್ಷೆಯ ಅಮಾನತು ಯಾವುದೂ ಸದಸ್ಯತ್ವ ಉಳಿಸುವುದಿಲ್ಲ. ತಪ್ಪಿತಸ್ಥರೆಂಬ ತೀರ್ಮಾನಕ್ಕೇ ತಡೆ ಬೇಕು. ರಾಹುಲ್ ಗಾಂಧಿ ಅವರಿಗೆ 2023ರ ಮಾರ್ಚ್ 23ರಂದು 2 ವರ್ಷ ಶಿಕ್ಷೆಯಾಯಿತು, ಅದು ಅದೇ ದಿನ ಅಮಾನತೂ ಆಯಿತು. ಆದರೂ ಮರುದಿನ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಪ್ಪಿತಸ್ಥರೆಂಬ ತೀರ್ಮಾನಕ್ಕೇ ತಡೆ ಕೊಟ್ಟಿತು, 7ರಂದು ಸದಸ್ಯತ್ವ ಮರಳಿತು. ಇಷ್ಟು ದಿನಾಂಕ ನೆನಪಿದ್ದರೆ ನಿಯಮ ಮರೆಯುವುದಿಲ್ಲ.

14. ತಪ್ಪು. ಮೂರನೇ ಒಂದು ಭಾಗದ "ವಿಭಜನೆ"ಗೆ ರಕ್ಷಣೆ ಕೊಡುತ್ತಿದ್ದ ಪ್ಯಾರಾ 3ನ್ನು 2003ರ 91ನೇ ತಿದ್ದುಪಡಿ ತೆಗೆದಿದೆ. ಈಗ ವಿಲೀನಕ್ಕೆ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಒಪ್ಪಬೇಕು (ಪ್ಯಾರಾ 4). 18ಕ್ಕೆ 12 ಬೇಕು, ಇಲ್ಲಿ ಒಬ್ಬರು ಕಡಿಮೆ. 11 ಮಂದಿಯ ಮೇಲೂ ಸ್ಪೀಕರ್ ಮುಂದೆ ಅನರ್ಹತೆಯ ಅರ್ಜಿ ಹಾಕಬಹುದು.

15. ಇದಕ್ಕೆ ಚಿಕ್ಕಬಳ್ಳಾಪುರವೇ ಉದಾಹರಣೆ. 2019ರ ಜುಲೈನಲ್ಲಿ ಆಗಿನ ಸ್ಪೀಕರ್, ಶ್ರೀನಿವಾಸಪುರದ ಶಾಸಕ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು, ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸುವಂತಿಲ್ಲ ಎಂದರು. ಅವರಲ್ಲಿ ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಒಬ್ಬರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಅವಧಿ ನಿಗದಿ ಮಾಡಿದ ಭಾಗವನ್ನು ಮಾತ್ರ ರದ್ದುಗೊಳಿಸಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಹಿಂದಿನ ಪಕ್ಷಾಂತರ ಅಳಿಸಿಹೋಗುವುದಿಲ್ಲ. ಆದರೆ ಎಷ್ಟು ಕಾಲ ಅನರ್ಹ ಎಂದು ನಿಗದಿ ಮಾಡುವ ಅಧಿಕಾರ ಸ್ಪೀಕರ್‌ಗಿಲ್ಲ. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಸುಧಾಕರ್ ನಿಂತು ಗೆದ್ದರು.

ಆದ್ದರಿಂದ ಸ್ಪರ್ಧಿಸಬಹುದು. ಮತ್ತೆ ಗೆಲ್ಲುವವರೆಗೆ ಅಥವಾ ಸದಸ್ಯತ್ವದ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಸಚಿವರಾಗುವಂತಿಲ್ಲ (164(1ಬಿ)). ಸಂಬಳ ಬರುವ ರಾಜಕೀಯ ಹುದ್ದೆಯನ್ನೂ ಹೊಂದುವಂತಿಲ್ಲ (361ಬಿ). ಸ್ಪೀಕರ್ ಆದೇಶದ ಮೇಲೆ ನ್ಯಾಯಾಲಯದ ಪರಾಮರ್ಶೆ ಇದೆ ಎನ್ನಲು ಕಿಹೋಟೊ ಹೊಲೊಹಾನ್ (1992) ಉಲ್ಲೇಖಿಸಿ.

16. ನಿಲ್ಲುವುದಿಲ್ಲ. ಉಡುಗೊರೆ ಸೆಕ್ಷನ್ 123(1)ರ ಲಂಚ. ಗೆದ್ದವರೇ ಅಥವಾ ಅವರ ಸಮ್ಮತಿಯಿಂದ ಬೇರೊಬ್ಬರು ಮಾಡಿದ ಭ್ರಷ್ಟ ಆಚರಣೆ ಸಾಬೀತಾದರೆ 100(1)(ಬಿ) ಪ್ರಕಾರ ಆಯ್ಕೆ ಅಸಿಂಧು. ಅಂತರ 20 ಮತವೋ 20,000 ಮತವೋ ಎಂಬುದು ಲೆಕ್ಕಕ್ಕಿಲ್ಲ. ಕಷ್ಟವಿರುವುದು ಸಾಬೀತಿನಲ್ಲಿ: ಕ್ರಿಮಿನಲ್ ಪ್ರಕರಣದಷ್ಟು ಗಟ್ಟಿ ಸಾಕ್ಷ್ಯ ಬೇಕು, ಯಾರು, ಎಲ್ಲಿ, ಯಾವಾಗ ಎಂದು ಅರ್ಜಿಯಲ್ಲೇ ಬರೆದಿರಬೇಕು.

"ಹೈಕೋರ್ಟ್ ಆರು ವರ್ಷ ಅನರ್ಹಗೊಳಿಸುತ್ತದೆ" ಎಂದು ಬರೆದರೆ 2 ಅಂಕ ಕಳೆಯಿರಿ. ಸೆಕ್ಷನ್ 8ಎ ಪ್ರಕಾರ ವಿಷಯ ರಾಷ್ಟ್ರಪತಿಯವರ ಮುಂದೆ ಹೋಗುತ್ತದೆ, ಅವರು ಆಯೋಗದ ಅಭಿಪ್ರಾಯದಂತೆ ಗರಿಷ್ಠ 6 ವರ್ಷದ ಅವಧಿ ನಿರ್ಧರಿಸುತ್ತಾರೆ.

ಅರ್ಜಿಯನ್ನು 6 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು 86(7) ಹೇಳುತ್ತದೆ. ತುಮಕೂರು ಗ್ರಾಮಾಂತರದ 2018ರ ಆಯ್ಕೆಯನ್ನು, ವಿಮಾ ಬಾಂಡ್ ಹಂಚಿದ ಪ್ರಕರಣದಲ್ಲಿ, ಹೈಕೋರ್ಟ್ ರದ್ದು ಮಾಡಿದ್ದು 2023ರ ಮಾರ್ಚ್ 30ರಂದು. ಅದರ ಹಿಂದಿನ ದಿನವಷ್ಟೇ ಮುಂದಿನ ಚುನಾವಣೆಯ ದಿನಾಂಕ ಪ್ರಕಟವಾಗಿತ್ತು, ಮೇಲ್ಮನವಿಗೆಂದು ಆದೇಶ ಒಂದು ತಿಂಗಳು ಅಮಾನತಿನಲ್ಲಿತ್ತು. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ 2023ರ ಗೆಲುವಿನ ಅಂತರ 248 ಮತ. ಅದರ ಮರು ಎಣಿಕೆಗೆ ಹೈಕೋರ್ಟ್ ಆದೇಶಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅರ್ಜಿದಾರರಿಗೆ 45 ದಿನದ ಮೇಲೆ ಒಂದು ದಿನವೂ ಸಿಗದು, ವಿಚಾರಣೆಯ ಆರು ತಿಂಗಳು ಮಾತ್ರ ವರ್ಷಗಳಾಗುತ್ತವೆ. ಮತ ಹಾಕಿದವರಿಗೆ ಇದು ಅನ್ಯಾಯ. 86(7)ನ್ನು ಕಡ್ಡಾಯ ಗಡುವಾಗಿಸಬೇಕೇ ಎಂಬುದಕ್ಕೆ ಎರಡು ಸಾಲಿನಲ್ಲಿ ಸಕಾರಣ ಅಭಿಪ್ರಾಯ ಬರೆದವರಿಗೆ, ಪರ ಇರಲಿ ವಿರೋಧ ಇರಲಿ, 1 ಅಂಕ ಹೆಚ್ಚುವರಿ.