ಶಿವನಂಜಪ್ಪ ಮೇಷ್ಟ್ರು ಹುಟ್ಟಿದ್ದು 1927ರಲ್ಲಿ, 1937ರಲ್ಲಲ್ಲ

ತಿಪಟೂರು
9 ಸೆಪ್ಟೆಂಬರ್ 2025

ಸಂಪಾದಕರಿಗೆ,

ಮಾನ್ಯರೆ,

ಶಿಕ್ಷಕರ ದಿನದಂದು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ತಾತ ಶಿವನಂಜಪ್ಪ ಮೇಷ್ಟ್ರ ಬಗ್ಗೆ ಲೇಖನ ಬಂದಿತ್ತು. ಅವರು ತೀರಿಕೊಂಡು ಇಷ್ಟು ವರ್ಷಗಳಾದ ಮೇಲೂ ನೆನಪಿಟ್ಟುಕೊಂಡು ಅರ್ಧ ಪುಟ ಬರೆದಿದ್ದಕ್ಕೆ ನಮ್ಮ ಮನೆಯವರೆಲ್ಲರ ಪರವಾಗಿ ಕೃತಜ್ಞತೆಗಳು. ನಿಮ್ಮ ವರದಿಗಾರರು ಊರಿಗೆ ಬಂದು, ಹಳೆಯ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಶ್ರದ್ಧೆಯಿಂದ ಬರೆದಿದ್ದಾರೆ. ಆದರೆ ತಾತನ ಹೆಸರಿನ ಪಕ್ಕದಲ್ಲಿ 1937–2009 ಎಂದು ಅಚ್ಚಾಗಿದೆ. ಕೊನೆಯ ಪ್ಯಾರಾದಲ್ಲಿ ಅವರು 72ನೇ ವಯಸ್ಸಿನಲ್ಲಿ ನಿಧನರಾದರು ಎಂದಿದೆ. ಎರಡೂ ತಪ್ಪು. ತಾತ ಹುಟ್ಟಿದ್ದು 1927ರಲ್ಲಿ. 2009ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವರಿಗೆ 81 ತುಂಬಿ 82 ನಡೆಯುತ್ತಿತ್ತು.

ಒಂದು ಅಂಕಿಗೆ ಇಷ್ಟು ದೊಡ್ಡ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಹತ್ತು ವರ್ಷದ ವ್ಯತ್ಯಾಸದಿಂದ ಅದೇ ಲೇಖನದಲ್ಲಿರುವ ನಿಜವಾದ ಸಂಗತಿಗಳೂ ಸುಳ್ಳಿನ ಹಾಗೆ ಕಾಣುತ್ತಿವೆ. ತಾತ 1949ರ ಜೂನ್‌ನಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದರು ಎಂದು ನೀವೇ ಸರಿಯಾಗಿ ಬರೆದಿದ್ದೀರಿ. 1937ರಲ್ಲಿ ಹುಟ್ಟಿದವರು ಆಗ ಹನ್ನೊಂದು ವರ್ಷದ ಹುಡುಗ. ಅದಕ್ಕಿಂತ ನೋವಾಗಿದ್ದು ಮೈಸೂರು ಚಲೋ ವಿಷಯದಲ್ಲಿ. ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ 1947ರ ಸೆಪ್ಟೆಂಬರ್‌ನಲ್ಲಿ ಚಳವಳಿ ಎದ್ದಾಗ ತಾತ ತುಮಕೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದರು. ಕಾಲೇಜು ಬಿಟ್ಟು ಮೆರವಣಿಗೆಗೆ ಹೋಗಿ, ಸೆರೆಮನೆ ಕಂಡು, ಅಕ್ಟೋಬರ್‌ನಲ್ಲಿ ಒಪ್ಪಂದವಾದ ಮೇಲೆ ಹೊರಬಂದರು. ಲೇಖನದಲ್ಲಿ ಇದೂ ಇದೆ. ಈಗ ಊರಿನ ಹುಡುಗರು ಮೊಬೈಲಿನಲ್ಲಿ ಲೆಕ್ಕ ಹಾಕಿ, 'ಒಂಬತ್ತು ವರ್ಷದ ಹುಡುಗನನ್ನು ಜೈಲಿಗೆ ಹಾಕಿದ್ರಾ?' ಎಂದು ನನ್ನನ್ನೇ ಕೇಳುತ್ತಿದ್ದಾರೆ. ಅವರದ್ದೇನೂ ತಪ್ಪಿಲ್ಲ. ಪತ್ರಿಕೆಯಲ್ಲಿ ಬಂದಿದ್ದನ್ನು ನಂಬುವುದು ನಮ್ಮ ಕಡೆ ಇನ್ನೂ ಇದೆ. ತಾತ ಚಳವಳಿಯ ಮಾತನ್ನು ತಾವಾಗಿ ಎತ್ತಿದವರೇ ಅಲ್ಲ, ಅದರ ಹೆಸರಿನಲ್ಲಿ ಏನನ್ನೂ ಕೇಳಿದವರೂ ಅಲ್ಲ. ಅಂಥವರು ಇಲ್ಲದ್ದನ್ನು ಹೇಳಿಕೊಂಡರು ಎಂಬ ಅನುಮಾನ ಒಬ್ಬರ ಮನಸ್ಸಿನಲ್ಲಿ ಬಂದರೂ ನಮಗೆ ತಡೆದುಕೊಳ್ಳಲು ಆಗುವುದಿಲ್ಲ.

ತಪ್ಪು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಭಾನುವಾರ ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ಟರ ಕೊಠಡಿಯಲ್ಲಿ ತಾತನ ಫೋಟೊ ಇದೆ. ಅದರ ಕೆಳಗೆ ಬಿಳಿ ಬಣ್ಣದಲ್ಲಿ 'ಜನನ ೧೯೨೭' ಎಂದು ಬರೆಸಿದ್ದಾರೆ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದು ಗಾಜಿನೊಳಗೂ ನೀರು ಇಳಿದಿದೆ. ೨ರ ಬೆನ್ನಿನ ಮೇಲೆ ಬಣ್ಣ ಕದಡಿ ಒಂದು ಮಡಿಕೆ ಮೂಡಿದ ಹಾಗಿದೆ. ಆಳೆತ್ತರದಿಂದ ನೋಡಿದರೆ ೩ ಎಂದೇ ಓದಿಸಿಕೊಳ್ಳುತ್ತದೆ. ಕುರ್ಚಿ ಹತ್ತಿ ಹತ್ತಿರದಿಂದ ನೋಡಿದಾಗ ಮೂಲದ ಗೆರೆ ಸ್ಪಷ್ಟವಾಗಿ ಕಾಣಿಸಿತು. ನಿಮ್ಮ ವರದಿಗಾರರು ಅದನ್ನು ನೋಡಿಯೇ ಬರೆದುಕೊಂಡಿರಬೇಕು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಓದುತ್ತಿದ್ದರು.

ಫೋಟೊ ಒಂದನ್ನೇ ನಂಬಿ ನಾನು ಬರೆಯುತ್ತಿಲ್ಲ. ತಾತನ ಜಾತಕ ನಮ್ಮ ಮನೆಯಲ್ಲಿದೆ. ಪ್ರಭವ ನಾಮ ಸಂವತ್ಸರ, ಕಾರ್ತಿಕ ಬಹುಳ ತದಿಗೆ ಎಂದು ಅದರಲ್ಲಿ ಬರೆದಿದೆ. ಪ್ರಭವ ಬಂದಿದ್ದು 1927ರ ಯುಗಾದಿಗೆ. ಮತ್ತೆ ಬಂದಿದ್ದು ಅರವತ್ತು ವರ್ಷದ ಮೇಲೆ, 1987ರಲ್ಲಿ. 1937ರದ್ದು ಈಶ್ವರ ಸಂವತ್ಸರ. ಹಾಗಾಗಿ ತಾತ ಹುಟ್ಟಿದ್ದು 1927ರ ನವೆಂಬರ್ ಎನ್ನುವುದರಲ್ಲಿ ಸಂಶಯಕ್ಕೆ ಜಾಗವಿಲ್ಲ. ಸೇವಾ ಪುಸ್ತಕದಲ್ಲಿ ಮಾತ್ರ 10-6-1927 ಎಂದಿದೆ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೋಗಲಿ ಎಂದು ಜೂನ್ ತಿಂಗಳ ಒಂದು ತಾರೀಕು ಬರೆದುಬಿಡುವುದು ಸಾಮಾನ್ಯವಾಗಿತ್ತು. ನಿಮ್ಮ ಓದುಗರಲ್ಲೂ ಎಷ್ಟೋ ಜನರಿಗೆ ಇಂಥ ಜೂನ್ ಹುಟ್ಟುಹಬ್ಬ ಇದ್ದೀತು. ತಿಂಗಳು ಬೇರೆಯಾದರೂ ವರ್ಷ ಎರಡು ಕಡೆಯೂ ಒಂದೇ. ಇನ್ನು ಮನೆಯ ಲೆಕ್ಕ ಹೇಳುವುದಾದರೆ, ನಮ್ಮ ದೊಡ್ಡತ್ತೆ ಹುಟ್ಟಿದ್ದು 1952ರಲ್ಲಿ. ಪತ್ರಿಕೆಯ ಪ್ರಕಾರ ಅಪ್ಪನಿಗೂ ಮಗಳಿಗೂ ಹದಿನೈದೇ ವರ್ಷದ ಅಂತರವಾಗುತ್ತದೆ. ಲೇಖನ ಓದಿ ಮೊದಲು ಫೋನ್ ಮಾಡಿದವರೂ ಅವರೇ.

ಲೇಖನದಲ್ಲಿ ಬಾರದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ತಮಗೆ ಬರೆದ ಆ ಜೂನ್ ತಾರೀಕು ತಾತನಿಗೆ ಜೀವನಪೂರ್ತಿ ಕಿರಿಕಿರಿಯಾಗಿತ್ತು. ಹಾಗಾಗಿ ತಾವು ಮೇಷ್ಟ್ರಾದ ಮೇಲೆ ಮಕ್ಕಳ ದಾಖಲಾತಿಯಲ್ಲಿ ಅಂದಾಜಿನ ತಾರೀಕು ಬರೆಯುತ್ತಿರಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ತಂದೆತಾಯಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರಂತೆ: ಆಗ ಹೊಲದಲ್ಲಿ ಏನಿತ್ತು, ಹಬ್ಬ ಹತ್ತಿರವಿತ್ತೋ ಕಳೆದಿತ್ತೋ, ಅಮಾವಾಸ್ಯೆಗೆ ಎಷ್ಟು ದಿನ? 'ಗಾಂಧಿ ಸತ್ತ ವರ್ಷ ಸ್ವಾಮಿ, ರಾಗಿ ಕೊಯ್ಲು ನಡೀತಿತ್ತು' ಎಂದರೆ 1948ರ ಕೊನೆಯ ತಿಂಗಳುಗಳು. 'ಸಿದ್ಧಗಂಗೆ ದನದ ಜಾತ್ರೆಗೆ ಎತ್ತು ಹೊಡ್ಕೊಂಡು ಹೋಗಿದ್ದೆ, ಬರೋ ಹೊತ್ತಿಗೆ ಹೆರಿಗೆ ಆಗಿತ್ತು' ಎಂದರೆ ಶಿವರಾತ್ರಿಯ ಆಸುಪಾಸು. ಹಳೆಯ ಪಂಚಾಂಗಗಳನ್ನು ಕಟ್ಟಿ ಅಟ್ಟದ ಮೇಲೆ ಇಟ್ಟುಕೊಂಡಿದ್ದು ಅದಕ್ಕೇ. ಇಳಿಸಿ, ತಿಥಿ ನೋಡಿ, ತಾರೀಕು ಹಿಡಿದು, ತಂದೆತಾಯಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆ ರಿಜಿಸ್ಟರಿಗೆ ಏರಿಸುತ್ತಿದ್ದರು. ಒಂದು ಮಗುವಿಗೆ ಒಂದು ಸಂಜೆಯೇ ಹಿಡಿಯುತ್ತಿತ್ತು. ಕೂಲಿಯವರ ಮಗುವಾಗಲಿ ಪಟೇಲರ ಮಗುವಾಗಲಿ ಅದರಲ್ಲಿ ಭೇದವಿರಲಿಲ್ಲ. ನಮ್ಮೂರಿನಲ್ಲಿ ಇವತ್ತು ಎಪ್ಪತ್ತು ದಾಟಿದ ಎಷ್ಟೋ ಜನರ ಜನ್ಮದಿನ ಸರಿಯಾಗಿ ದಾಖಲಾಗಿದ್ದರೆ ಅದು ತಾತನ ಕೈಬರಹದಲ್ಲಿ. ಅವರದ್ದೇ ಹುಟ್ಟಿದ ವರ್ಷ ತಪ್ಪಾಗಿ ಉಳಿಯಬಾರದು ಎಂದು ನಾವು ಪಟ್ಟು ಹಿಡಿದಿರುವುದು ಇದಕ್ಕಾಗಿಯೇ.

ಬೇರೆ ಅವಸರವೂ ಇದೆ. 2027ರ ನವೆಂಬರ್‌ಗೆ ತಾತ ಹುಟ್ಟಿ ನೂರು ವರ್ಷ. ಆ ಹೊತ್ತಿಗೆ ಶಾಲೆಯಲ್ಲಿ ಅವರ ಹೆಸರಿನ ದತ್ತಿ ಬಹುಮಾನ ಶುರುಮಾಡಬೇಕು ಎಂದು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದಾರೆ. ಲೇಖನ ಬಂದ ಮೇಲೆ ಬೆಂಗಳೂರಿನಲ್ಲಿರುವ ಕೆಲವರು, 'ಶತಮಾನಕ್ಕೆ ಇನ್ನೂ ಹನ್ನೆರಡು ವರ್ಷ ಇದೆಯಲ್ಲ, ಆಮೇಲೆ ನೋಡೋಣ' ಎಂದು ಸುಮ್ಮನಾಗಿದ್ದಾರೆ. ತಾತನ ಕೈಯಲ್ಲಿ ಮೊದಲ ವರ್ಷಗಳಲ್ಲಿ ಕಲಿತವರಿಗೆ ಈಗ ಎಂಬತ್ತು ಮೀರಿದೆ. ಅವರನ್ನು ಅಷ್ಟು ಕಾಯಿಸಲಾಗದು.

ಆದ್ದರಿಂದ ತಿದ್ದುಪಡಿಯನ್ನು ಅದೇ ಜಿಲ್ಲಾ ಪುಟದಲ್ಲಿ, ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಬೇಕೆಂದು ವಿನಂತಿ. ಹುಟ್ಟಿದ ವರ್ಷ 1927, ತೀರಿಕೊಂಡಾಗಿನ ವಯಸ್ಸು 81 ಎಂದು ಎರಡನ್ನೂ ಹೇಳಬೇಕು. ನಿಮ್ಮ ಜಾಲತಾಣದಲ್ಲಿರುವ ಲೇಖನವನ್ನೂ ತಿದ್ದಿಸಿ. ಮುಂದೆ ಯಾರಾದರೂ ತಾತನ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಅದೇ. ಜಾತಕದ ಸಂಬಂಧಪಟ್ಟ ಪುಟ, ಸೇವಾ ಪುಸ್ತಕದ ಮೊದಲ ಪುಟ ಮತ್ತು ಶಾಲೆಯಲ್ಲಿರುವ ಫೋಟೊವನ್ನು ಹತ್ತಿರದಿಂದ ತೆಗೆದ ಚಿತ್ರ, ಮೂರನ್ನೂ ಇದರ ಜೊತೆ ಲಗತ್ತಿಸಿದ್ದೇನೆ. ಮೂಲ ಪ್ರತಿಗಳನ್ನು ನೋಡಬೇಕೆಂದರೆ ನಿಮ್ಮ ವರದಿಗಾರರು ಯಾವಾಗ ಬೇಕಾದರೂ ಮನೆಗೆ ಬರಬಹುದು. ಫೋಟೊದ ಕೆಳಗಿನ ಬರಹವನ್ನು ಹೊಸದಾಗಿ ಬರೆಸಲು ಹೆಡ್‌ಮಾಸ್ಟರು ಒಪ್ಪಿದ್ದಾರೆ. ಈ ವಾರವೇ ಆ ಕೆಲಸ ಮುಗಿಯುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮಂಜುನಾಥ್
(ಶಿವನಂಜಪ್ಪ ಮೇಷ್ಟ್ರ ಮೊಮ್ಮಗ)