ಮರು: ಎಚ್‌ಎಎಲ್ ಷೇರು ಈಗ ಕೊಳ್ಳಬಹುದಾ?

ಜುಲೈ 2024

ಮಂಜು,

ನಿನ್ನ ಮೇಲ್ ನಿನ್ನೆ ರಾತ್ರಿಯೇ ಓದಿದೆ. ಲೆಕ್ಕ ಹಾಕಿಯೇ ಉತ್ತರ ಬರೆಯೋಣ ಅಂತ ಬೆಳಗ್ಗೆವರೆಗೆ ಕಾದೆ. ಮೊದಲು ನೇರವಾಗಿ ಹೇಳುತ್ತೇನೆ: ಎಫ್‌ಡಿ ಮುಗಿದು ಬಂದ ಆ ಮೂರು ಲಕ್ಷವನ್ನು ಪೂರ್ತಿ ಎಚ್‌ಎಎಲ್‌ಗೆ ಹಾಕಬೇಡ ಕಣೇ.

ಷೇರು ಸಾರ್ವಕಾಲಿಕ ಗರಿಷ್ಠ ಬೆಲೆಯಲ್ಲಿದೆ ಅನ್ನೋದು ನನ್ನ ಕಾರಣ ಅಲ್ಲ. ನಿಮ್ಮ ಯಜಮಾನರು "ಇಷ್ಟು ಮೇಲೆ ಹೋಗಿದೆ, ಇನ್ನು ಬೀಳಲೇಬೇಕು" ಅಂದರಂತಲ್ಲ, ಅದನ್ನು ನಾನು ಒಪ್ಪೋದಿಲ್ಲ. ಹತ್ತು ಪಟ್ಟು ಏರುವ ಯಾವ ಷೇರೂ ದಾರಿಯಲ್ಲಿ ಎಷ್ಟೋ ಸಲ ಹೊಸ ಗರಿಷ್ಠ ಮುಟ್ಟಿಯೇ ಏರಬೇಕು. ಎಚ್‌ಎಎಲ್ಲೇ 2022ರಲ್ಲಿ 2,000 ದಾಟಿದಾಗ ಅದೂ ಆವತ್ತಿನ ಗರಿಷ್ಠವೇ. 2023ರಲ್ಲಿ ಒಂದು ಷೇರು ಎರಡಾಯಿತಲ್ಲ, ಹಾಗಾಗಿ ಆ 2,000 ಇವತ್ತಿನ ಲೆಕ್ಕದಲ್ಲಿ 1,000. ಆವತ್ತು ಹೆದರಿ ಬಿಟ್ಟವರಿಗೆ ಈಗ ಹೊಟ್ಟೆ ಉರಿಯುತ್ತಿರಬಹುದು.

ಆದರೆ ಆವತ್ತಿಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ನೋಡು, ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 2021-22ರಲ್ಲಿ ಕಂಪನಿಯ ಲಾಭ ಸುಮಾರು 5,000 ಕೋಟಿ, 2023-24ರಲ್ಲಿ ಸುಮಾರು 7,600 ಕೋಟಿ. ಅಂದರೆ ಲಾಭ ಒಂದೂವರೆ ಪಟ್ಟಾಯಿತು. ಬೆಲೆ ಮಾತ್ರ 1,000ದಿಂದ ಈ 2024ರ ಜುಲೈ ಹೊತ್ತಿಗೆ 5,600ಕ್ಕೆ, ಐದೂವರೆ ಪಟ್ಟಿಗೂ ಜಾಸ್ತಿ! ಆಗ ವರ್ಷದ ಲಾಭದ 13 ಪಟ್ಟು ಕೊಟ್ಟರೆ ಷೇರು ಸಿಗುತ್ತಿತ್ತು, ಈಗ 49 ಪಟ್ಟು ಕೊಡಬೇಕು. ಏರಿಕೆಯ ದೊಡ್ಡ ಪಾಲು ಬಂದಿರೋದು ಜನ ಇಟ್ಟ ನಿರೀಕ್ಷೆಯಿಂದ, ಲಾಭದಿಂದ ಬಂದಿದ್ದು ಕಡಿಮೆ.

ನಿರೀಕ್ಷೆ ಸುಳ್ಳು ಅಂತ ಹೇಳುತ್ತಿಲ್ಲ. 2024ರ ಮಾರ್ಚ್ ಕೊನೆಗೆ ಕೈಯಲ್ಲಿದ್ದ ಆರ್ಡರ್ 94,000 ಕೋಟಿ. ಇನ್ನೂ 97 ತೇಜಸ್ ಯುದ್ಧವಿಮಾನಗಳ ಹೊಸ ಆರ್ಡರ್ ಬರುವುದಿದೆ, ಹೋದ ತಿಂಗಳು 156 ಪ್ರಚಂಡ್ ಹೆಲಿಕಾಪ್ಟರ್‌ಗೆ ಟೆಂಡರ್ ಕೂಡ ಬಂದಿದೆ. ಗುಬ್ಬಿ ಹತ್ತಿರದ ಕಾರ್ಖಾನೆ ನೀನು ಊರಿಗೆ ಹೋಗುವಾಗ ನೋಡಿದ್ದೀಯಲ್ಲ, ಕಂಪನಿ ಒಳ್ಳೆಯದು ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಆರ್ಡರ್ ಇದ್ದರೆ ಸಾಲದು, ವಿಮಾನ ತಯಾರಾಗಿ ವಾಯುಪಡೆಗೆ ಹೋಗಬೇಕು, ಆಮೇಲೆ ಹಣ ಬರಬೇಕು. 2021ರಲ್ಲಿ ಆರ್ಡರ್ ಆದ 83 ತೇಜಸ್ ಮಾರ್ಕ್-1ಎ ವಿಮಾನಗಳಲ್ಲಿ ಮೊದಲನೆಯದು ಈ 2024ರ ಮಾರ್ಚ್ ಒಳಗೆ ಕೈಸೇರಬೇಕಿತ್ತು, ಇನ್ನೂ ಸೇರಿಲ್ಲ. ಅಮೆರಿಕದ ಜಿಇ ಕಂಪನಿಯಿಂದ ಎಂಜಿನ್ ಬರೋದೇ ತಡವಾಗಿದೆ. 49 ಪಟ್ಟು ಬೆಲೆ ಇರುವಾಗ ಇಂಥ ಒಂದು ಸುದ್ದಿಗೂ ಷೇರು ಜೋರಾಗಿ ಅಲ್ಲಾಡುತ್ತದೆ.

ಒಂದು ಲೆಕ್ಕ ಹಾಕಿ ನೋಡು. ಇನ್ನೆರಡು ವರ್ಷದಲ್ಲಿ ಲಾಭ 10,000 ಕೋಟಿ ಆಯಿತು ಅಂದುಕೊಳ್ಳೋಣ, ಅದು ತುಂಬಾ ಒಳ್ಳೆಯ ಬೆಳವಣಿಗೆಯೇ. ಆದರೆ ಮಾರುಕಟ್ಟೆಯ ಉತ್ಸಾಹ ಇಳಿದು 49ರ ಬದಲು 30 ಪಟ್ಟು ಮಾತ್ರ ಕೊಟ್ಟರೆ ಷೇರು 4,500ರ ಹತ್ತಿರ ಇರುತ್ತದೆ. ಕಂಪನಿ ಚೆನ್ನಾಗಿ ನಡೆದೂ ನಿನ್ನ ದುಡ್ಡು ಕರಗಿರುತ್ತದೆ. 2000ದ ಮಾರ್ಚ್‌ನಲ್ಲಿ ಇನ್ಫೋಸಿಸ್ ಕೊಂಡವರಿಗೆ ಆಗಿದ್ದು ಇದೇ. ಕಂಪನಿ ಬೆಳೆಯುತ್ತಲೇ ಹೋಯಿತು, ಅವರು ಕೊಟ್ಟ ಬೆಲೆ ಮತ್ತೆ ಬರಲು ವರ್ಷಗಳೇ ಹಿಡಿದವು.

ಇನ್ನು ನಿನ್ನ ದುಡ್ಡಿನ ವಿಷಯ. ಆದಿಯ ಎಂಜಿನಿಯರಿಂಗ್ ಸೀಟಿಗೆ ಮುಂದಿನ ವರ್ಷ ಫೀಸ್ ಕಟ್ಟಬೇಕು ಅಂತ ನೀನೇ ಬರೆದಿದ್ದೀಯ. ಒಂದು ವರ್ಷದಲ್ಲಿ ಬೇಕಾಗುವ ದುಡ್ಡು ಷೇರಿಗೆ ಹೋಗಬಾರದು, ಎಚ್‌ಎಎಲ್ ಅಂತಲ್ಲ, ಯಾವ ಷೇರಿಗೂ. ಹೋದ ತಿಂಗಳು, ಜೂನ್ 4ನೇ ತಾರೀಖು, ಲೋಕಸಭೆ ಚುನಾವಣೆ ಫಲಿತಾಂಶದ ದಿನ ಇದೇ ಷೇರು ಒಂದೇ ದಿನದಲ್ಲಿ ಶೇ 15ಕ್ಕೂ ಜಾಸ್ತಿ ಬಿತ್ತು. ಬೇಗ ಚೇತರಿಸಿಕೊಂಡಿತು, ನಿಜ. ಫೀಸ್ ಕಟ್ಟುವ ವಾರದಲ್ಲೇ ಹಾಗಾದರೆ ಏನು ಮಾಡುತ್ತೀಯ?

ಆ ಟೆಲಿಗ್ರಾಂ ಗುಂಪಿನವರು "7,000 ಗ್ಯಾರಂಟಿ" ಅಂತಾರಲ್ಲ, ದಯವಿಟ್ಟು ಅದರಿಂದ ಹೊರಗೆ ಬಾ. ಷೇರಿನಲ್ಲಿ ಗ್ಯಾರಂಟಿ ಅನ್ನುವವರನ್ನು ನಂಬಲೇಬೇಡ.

ನನ್ನ ಮಾತು ಕೇಳುವುದಾದರೆ ಎರಡೂವರೆ ಲಕ್ಷ ಮತ್ತೆ ಎಫ್‌ಡಿಗೆ ಹಾಕು. ಉಳಿದ ಐವತ್ತು ಸಾವಿರ ಐದು ವರ್ಷ ಮುಟ್ಟದೆ ಇರಬಲ್ಲೆ ಅಂದರೆ ಮಾತ್ರ ಎಚ್‌ಎಎಲ್ ಯೋಚಿಸು. ಆಗಲೂ ಒಂದೇ ಸಲ ಬೇಡ, ಈಗ ಎರಡೋ ಮೂರೋ ಷೇರು ಸಾಕು. ಈ ಜುಲೈ 23ಕ್ಕೆ ಕೇಂದ್ರ ಬಜೆಟ್ ಇದೆ, ಆಗಸ್ಟ್‌ನಲ್ಲಿ ಮೂರು ತಿಂಗಳ ಫಲಿತಾಂಶ ಬರುತ್ತದೆ, ತೇಜಸ್ ಕೊಡುವ ಹೊಸ ದಿನಾಂಕದ ಬಗ್ಗೆ ಏನು ಹೇಳುತ್ತಾರೆ ಅನ್ನೋದನ್ನೂ ನೋಡಿ ಉಳಿದದ್ದು ತೆಗೆದುಕೊ. ಅಷ್ಟರಲ್ಲಿ 6,000 ಆದರೆ ಆಗಲಿ ಬಿಡು.

ಫೀಸ್ ಯಾವ ತಿಂಗಳು ಕಟ್ಟಬೇಕು ಅಂತ ಒಂದು ಸಾಲು ಬರೆದು ಕಳಿಸು, ಎಷ್ಟು ತಿಂಗಳ ಎಫ್‌ಡಿ ಮಾಡಬೇಕು ಅಂತ ನೋಡಿ ಹೇಳುತ್ತೇನೆ.

ಸುಧಾ